ಪಂಪಾವತಿಯ ಹಾಳೆ, ವೀರೇಶನ ಅಂಕಿ

ತುರ್ವಿಹಾಳದ ಪಂಪಾವತಿಗೆ ಯಾರಾದರೂ ಏನನ್ನಾದರೂ ಸುಮ್ಮನೆ ಕೊಟ್ಟರೆ ಆ ದಿನ ಊಟ ರುಚಿಸುತ್ತಿರಲಿಲ್ಲ. ಯಾಕೆ ಕೊಟ್ಟ, ಅವನಿಗೇನು ಬೇಕಾಗಿತ್ತು, ನಾಳೆ ಬಂದು ಏನು ಕೇಳುತ್ತಾನೆ ಎಂದು ತಲೆಯೊಳಗೆ ಹುಳ ಹರಿದಾಡುತ್ತಿತ್ತು. ಹುಟ್ಟಿನಿಂದ ಬಂದ ಗುಣವಲ್ಲ ಅದು, ಅಂಗಡಿ ಕಲಿಸಿದ್ದು. ಗಂಡ ಅಂಬಪ್ಪ ಬೀಜ, ಗೊಬ್ಬರ, ಕ್ರಿಮಿನಾಶಕದ ಅಂಗಡಿ ಇಟ್ಟು ಇಪ್ಪತ್ತು ವರ್ಷವಾಗಿತ್ತು. ಮೊದಲಿನ ದಿನಗಳಲ್ಲಿ ಒಬ್ಬ ನಗುಮುಖದವನು ಬಂದು ಒಂದು ಪೆಟ್ಟಿಗೆ ಔಷಧಿ ಇಳಿಸಿ ಹೋದ. ಬಾಟಲಿಯೊಳಗೆ ಇದ್ದದ್ದು ಬಣ್ಣದ ನೀರು. ಹುಳ ಮೇಯ್ದ ಹೊಲದವರೆಲ್ಲ ಬಂದು ಅಂಗಡಿಯ ಮುಂದೆ ಕುಳಿತರು. ಅವತ್ತಿನಿಂದ ಪಂಪಾವತಿ ಬಂದ ಪ್ರತಿ ಬಾಟಲಿಯನ್ನೂ ತಿರುವಿ ನೋಡುವಳು, ಸೀಲಿಗೆ ಉಗುರು ಹಚ್ಚುವಳು, ಅಲ್ಲಾಡಿಸಿ ಕಿವಿಗಿಟ್ಟು ಕೇಳುವಳು. ಬಾಟಲಿ ಮುಗಿದರೆ ಮನುಷ್ಯರು.

"ಇಕಿ ದೇವರ ಪ್ರಸಾದಾನೂ ಮೂಸಿ ತಿಂತಾಳ" ಎಂದು ಅಂಬಪ್ಪ ಬಂದವರ ಮುಂದೆ ನಗುತ್ತಿದ್ದ. ಅವಳು ಮಾತ್ರ ನಗುತ್ತಿರಲಿಲ್ಲ.

ಈಗ ಅಂಗಡಿಗೇ ಒಂದು ಗಂಡಾಂತರ ಬಂದಿತ್ತು. ಔಷಧಿ ಮಾರುವವರು ಅದರ ಬಗ್ಗೆ ಓದಿರಬೇಕು, ಸರ್ಟಿಫಿಕೇಟ್ ಇರಬೇಕು, ಇಲ್ಲದಿದ್ದರೆ ಪರವಾನಗಿ ಮುಂದುವರಿಯುವುದಿಲ್ಲ ಎಂದಾಯಿತು. ಅಂಬಪ್ಪನ ಪರವಾನಗಿ ಜೂನ್ ತಿಂಗಳಿಗೆ ಮುಗಿಯುತ್ತಿತ್ತು. ಅವನು ಓದಿದ್ದು ಏಳನೆಯ ಇಯತ್ತೆ, ಕೋರ್ಸಿಗೆ ಸೇರಿಸಿಕೊಳ್ಳುವುದು ಹತ್ತನೆಯದು ಪಾಸಾದವರನ್ನು. ಮನೆಯಲ್ಲಿ ಹತ್ತು ಪಾಸಾದವಳು ಪಂಪಾವತಿ. ಸರಿ, ನಲವತ್ತಾರನೆಯ ವಯಸ್ಸಿಗೆ ಅವಳೇ ಚೀಲ ಹಿಡಿದಳು. ಭಾನುವಾರಕ್ಕೊಮ್ಮೆ ಸಿಂಧನೂರಿನಲ್ಲಿ ಒಂದು ಬಾಡಿಗೆ ಹಾಲಿನಲ್ಲಿ ತರಗತಿ. ವರ್ಷದ ಕೊನೆಗೆ ಲಿಂಗಸುಗೂರಿನಲ್ಲಿ ಪರೀಕ್ಷೆ. ಪಾಸಾದರೆ ಪರವಾನಗಿ ಅವಳ ಹೆಸರಿಗೆ, ಇಲ್ಲದಿದ್ದರೆ ಅಂಗಡಿಯ ಬಾಗಿಲು ಎಳೆಯಬೇಕು.

ಪರೀಕ್ಷೆ ಪುಸ್ತಕ ನೋಡಿಕೊಂಡು ಬರೆಯುವಂಥದ್ದು ಎಂದಾಗ ಎಲ್ಲರೂ ಚಪ್ಪಾಳೆ ಹೊಡೆದರು. ಪಂಪಾವತಿಗೆ ಅಲ್ಲಿಯೇ ಅನುಮಾನ ಬಂತು. "ಎದುರಿಗೆ ಇಟಗೊಂಡು ಬರೀರಿ ಅಂತಾರಂದ್ರ, ನೋಡಿದ್ರೂ ಸಿಗಬಾರ್ದಂಗ ಕೇಳ್ತಾರ" ಎಂದು ಪಕ್ಕದಲ್ಲಿದ್ದ ಹಾಜಿರಾಬೀಗೆ ಹೇಳಿದಳು. ಹಾಜಿರಾಬೀ ಮುಕ್ಕುಂದದವಳು, ಅವಳದೂ ಗೊಬ್ಬರದ ಅಂಗಡಿ.

ಪಂಪಾವತಿ ಹೇಳಿದ್ದೇ ಖರೆಯಾಯಿತು. ಅಭ್ಯಾಸಕ್ಕೆಂದು ಒಂದು ಪರೀಕ್ಷೆ ಇಟ್ಟರು. ಐವತ್ತು ಪ್ರಶ್ನೆ, ಒಂದು ತಾಸು. ಪುಸ್ತಕ ಮುನ್ನೂರ ನಲವತ್ತು ಪುಟ. ಅದರೊಳಗೆ ಹುಡುಕುತ್ತ, ಬೆರಳಿಗೆ ಉಗುಳು ಹಚ್ಚಿ ಪುಟ ತಿರುವುತ್ತ, ಇಪ್ಪತ್ತೆರಡನೆಯ ಪ್ರಶ್ನೆ ಮುಗಿಯುವಷ್ಟರಲ್ಲಿ ಗಂಟೆ ಹೊಡೆಯಿತು. ಮೂವತ್ತು ಬಂದರೆ ಪಾಸು, ಅವಳಿಗೆ ಬಂದದ್ದು ಹತ್ತೊಂಬತ್ತು. ಬರೆದದ್ದರಲ್ಲಿ ತಪ್ಪಾದದ್ದು ಮೂರೇ ಮೂರು, ಉಳಿದದ್ದನ್ನೆಲ್ಲ ನುಂಗಿದ್ದು ಪುಟ ತಿರುವುವ ಕೆಲಸ.

ಆಗ ಮೇಷ್ಟ್ರು ಒಂದು ಸವಲತ್ತು ಹೇಳಿದರು. ಪುಸ್ತಕದ ಜೊತೆಗೆ ಒಂದೇ ಒಂದು ಹಾಳೆ ಒಯ್ಯಬಹುದು. ಎರಡೂ ಬದಿಗೆ ಬರೆಯಬಹುದು. ಸ್ವಂತ ಕೈಬರಹ ಇರಬೇಕು, ಝೆರಾಕ್ಸ್ ನಡೆಯುವುದಿಲ್ಲ.

ಪಂಪಾವತಿ ಮನೆಗೆ ಬಂದು ಎರಡು ದಿನ ಕೂತು ಹಾಳೆ ತುಂಬಿಸಿದಳು. ಪುಸ್ತಕದ ಮೊದಲನೆಯ ಪಾಠದಿಂದ ಹಿಡಿದು ಸಾರಾಂಶ, ಸಾಲು ಬಿಡದೆ, ಇರುವೆ ಹೋದಂತೆ ಅಕ್ಷರ. ನರ್ಸಿಂಗ್ ಓದುತ್ತಿದ್ದ ಮಗಳು ಮೇಘಾ ರಜೆಗೆ ಬಂದಿದ್ದಳು. ಅವಳು ಮೊಬೈಲಿನಲ್ಲಿ ಸೆಕೆಂಡು ಎಣಿಸುತ್ತ ಕೇಳಿದಳು, "ಯವ್ವಾ, ನೆಲ್ಲಿನ ಸುಳಿ ಒಣಗೇತಿ, ಎಳದ್ರ ಕಿತ್ತು ಬರ್ತೈತಿ. ಏನು ರೋಗ? ಹುಡುಕು."

"ಅಯ್ಯ, ರೋಗ ಅಲ್ಲ ಬೇ, ಅದು ಕಾಂಡ ಕೊರಿಯೋ ಹುಳ."

"ನಿನ್ನ ಬಾಯಿ ಕೇಳಿಲ್ಲ. ಹಾಳ್ಯಾಗ ತೋರಿಸು. ಔಷಧಿ ಯಾವುದು, ಎಷ್ಟು, ಹೊಡದು ಎಷ್ಟು ದಿನಕ್ಕ ಕೊಯ್ಯಬೇಕು?"

ಪಂಪಾವತಿಯ ಬೆರಳು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಓಡಾಡಿತು. ಸಿಕ್ಕಾಗ ಒಂದೂವರೆ ನಿಮಿಷ ಆಗಿತ್ತು.

"ಇದು ಹಾಳಿ ಅಲ್ಲ ಯವ್ವಾ, ಕತಿ. ಮೊದಲಿಂದ ಓದಿದ್ರ ಮಾತ್ರ ತಿಳಿತೈತಿ. ಹುಡುಕೋ ಹಾಳಿ ಅಂದ್ರ ಬೆರಳಿಟ್ಟಲ್ಲಿ ಸಿಗಬೇಕು" ಎಂದಳು ಮೇಘಾ.

ಪಂಪಾವತಿ ಸಿಟ್ಟಿನಲ್ಲಿ ಹಾಳೆ ಮಡಚಿ ಅಂಗಡಿಗೆ ಹೋದಳು. ಅಲ್ಲಿ ಒಬ್ಬ ರೈತ ಬಂದು ನಿಂತ. ಅವನೇನು ಮೊದಲನೆಯ ಪಾಠ, ಎರಡನೆಯ ಪಾಠ ಎಂದು ಕೇಳುತ್ತಾನೆಯೇ? "ಅಕ್ಕಾ, ನೆಲ್ಲು. ಎಲಿ ಸುರುಳಿ ಆಗಾಕತ್ತೈತಿ" ಎಂದ. ಮೊದಲು ಬೆಳೆ, ಆಮೇಲೆ ಗಿಡದ ಯಾವ ಭಾಗ, ಆಮೇಲೆ ಕಂಡ ಗುರುತು. ಇಪ್ಪತ್ತು ವರ್ಷ ಅವಳು ಹುಡುಕಿದ್ದು ಆ ದಾರಿಯಲ್ಲಿಯೇ. ಆ ಸಂಜೆಗೆ ಹೊಸ ಹಾಳೆ ಸಿದ್ಧವಾಯಿತು.

ಮುಂಬದಿಗೆ ಬೆಳೆಗೊಂದು ಭಾಗ, ಭತ್ತ, ಹತ್ತಿ, ತೊಗರಿ. ಒಂದೊಂದರಲ್ಲಿಯೂ ಎಲೆ, ಕಾಂಡ, ತೆನೆ ಅಥವಾ ಕಾಯಿ, ಬೇರು ಎಂದು ಅದೇ ಕ್ರಮ. ಪ್ರತಿ ಸಾಲಿಗೆ ಒಂದು ಸಂಖ್ಯೆ. ಸಾಲಿನಲ್ಲಿ ಕಂಡ ಗುರುತು, ಹುಳ ಅಥವಾ ರೋಗದ ಹೆಸರು, ಔಷಧಿ, ಪ್ರಮಾಣ, ಕೊಯ್ಲಿಗೆ ಬಿಡಬೇಕಾದ ದಿನ, ಪುಸ್ತಕದ ಪುಟ. ವಿವರಣೆ ಒಂದಕ್ಷರವೂ ಇಲ್ಲ, ಅದು ಪುಸ್ತಕದಲ್ಲಿ ಇದ್ದೇ ಇದೆ, ಪುಟ ಗೊತ್ತಿದ್ದರೆ ಸಾಕು. ಆದರೆ ಮೇಘಾ ಮತ್ತೊಂದು ಕೊಕ್ಕೆ ಹಾಕಿದಳು. ಪ್ರಶ್ನೆಯಲ್ಲಿ ಔಷಧಿಯ ಹೆಸರನ್ನೇ ಕೊಟ್ಟು, ಇದು ಯಾವುದಕ್ಕೆ ಎಂದು ಕೇಳಿದರೆ? ಅದೂ ಡಬ್ಬಿಯ ಮೇಲಿನ ದೊಡ್ಡ ಅಕ್ಷರದ ಹೆಸರಲ್ಲ, ಕೆಳಗೆ ಸಣ್ಣದಾಗಿ ಬರೆದ ಒಳಗಿನ ಅಂಶದ ಹೆಸರು. ಅದಕ್ಕೆ ಹಿಂಬದಿಯಲ್ಲಿ ಆ ಹೆಸರುಗಳನ್ನು ಅ, ಆ, ಇ ಕ್ರಮದಲ್ಲಿ ಬರೆದು, ಒಂದೊಂದರ ಮುಂದೆ ಮುಂಬದಿಯ ಸಾಲಿನ ಸಂಖ್ಯೆ ಇಟ್ಟಳು. ಮೂಲೆಯಲ್ಲಿ, ವಿಷ ಎಷ್ಟು ಎಂದು ಡಬ್ಬಿಯ ಮೇಲೆ ತೋರಿಸುವ ಬಣ್ಣದ ತ್ರಿಕೋನಗಳು, ಹೆಚ್ಚು ವಿಷದ ಕೆಂಪು ಮೊದಲು, ಆಮೇಲೆ ಹಳದಿ, ನೀಲಿ, ಹಸಿರು.

ಈ ಸಲ ಮೇಘಾ ಕೇಳಿದ್ದಕ್ಕೆಲ್ಲ ಹತ್ತು ಸೆಕೆಂಡಿನೊಳಗೆ ಬೆರಳು ಕೂತಿತು.

ಒಂದು ಮಾತು ಇಲ್ಲಿ ಹೇಳಿಬಿಡಬೇಕು. ಪ್ರಮಾಣದ ಕಾಲಮ್ಮನ್ನು ತುಂಬುವಾಗ ಪಂಪಾವತಿ ಪುಸ್ತಕ ತೆರೆಯಲಿಲ್ಲ. ದಿನಾ ಬಾಯಲ್ಲಿ ಆಡುವ ಅಂಕಿ, ಅದಕ್ಕೇನು ಪುಸ್ತಕ? ಸರಸರ ಬರೆದಳು. ಜಾಗ ಉಳಿಯಲೆಂದು ಕಾಲಮ್ಮಿನ ತಲೆಗೆ "ಪ್ರಮಾಣ" ಎಂದಷ್ಟೇ ಬರೆದಳು.

ಮುಂದಿನ ಭಾನುವಾರ ತರಗತಿಯಲ್ಲಿ ಹಾಜಿರಾಬೀ ಪ್ರಶ್ನೆ ಕೇಳುವುದು, ಪಂಪಾವತಿ ಬೆರಳಿಡುವುದು ನಡೆದಿತ್ತು. ಹಿಂದಿನ ಬೆಂಚಿನಿಂದ ಯಾರೋ ಬಗ್ಗಿ ನೋಡುತ್ತಿದ್ದಾರೆ ಎಂದು ಕುತ್ತಿಗೆಗೆ ತಿಳಿಯಿತು. ತಿರುಗಿದರೆ ಮಸ್ಕಿಯ ವೀರೇಶ. ಮೂವತ್ತರ ಹುಡುಗ, ಇಸ್ತ್ರಿ ಅಂಗಿ, ಮಸ್ಕಿಯಲ್ಲಿ ದೊಡ್ಡ ಅಂಗಡಿ. ಪಂಪಾವತಿ ಹಾಳೆಯ ಮೇಲೆ ಸೆರಗು ಎಳೆದಳು.

"ಅಕ್ಕಾರ, ಭಾಳ ಚಲೋ ಜೋಡಿಸೀರಿ. ನಂದೂ ಒಂದೈತಿ ನೋಡ್ರಿ" ಎಂದು ಅವನು ತನ್ನ ಹಾಳೆಯ ಝೆರಾಕ್ಸ್ ಕೈಗಿಟ್ಟ. "ಎಲ್ಲಾರಿಗೂ ಕೊಟ್ಟೀನಿ. ನೋಡಿಕೊಂಡು ನಿಮ್ಮ ಕೈಲೆ ಬರಕೋರಿ."

ಸುಮ್ಮನೆ ಕೊಟ್ಟ! ಅದೂ ವೀರೇಶ. ಎರಡು ತಿಂಗಳ ಹಿಂದೆ ಇವನೇ ತುರ್ವಿಹಾಳಕ್ಕೆ ಬಂದು, "ನಿಮ್ಮ ಮಳಿಗಿ ಖಾಲಿ ಆಗೋದಿದ್ರ ಮೊದಲು ನಮಗ ಹೇಳ್ರಿ ಕಾಕಾ" ಎಂದು ಅಂಬಪ್ಪನಿಗೆ ಹೇಳಿ ಹೋಗಿದ್ದ. ಅವಳು ಫೇಲಾದರೆ ಮಳಿಗೆ ಖಾಲಿ. ಖಾಲಿಯಾದರೆ ಯಾರಿಗೆ ಫಾಯದೆ?

ಅಂಗಡಿಗೆ ಬಂದವಳೇ ಎರಡೂ ಹಾಳೆಯನ್ನು ಗಲ್ಲಾಪೆಟ್ಟಿಗೆಯ ಮೇಲೆ ಹಾಸಿದಳು. ಭತ್ತದ ಎಲೆ ಸುರುಳಿ ಹುಳಕ್ಕೆ ಅವಳದರಲ್ಲಿ ಅರವತ್ತು ಮಿಲಿ, ಅವನದರಲ್ಲಿ ನೂರ ಐವತ್ತು. ಬೆಂಕಿ ರೋಗಕ್ಕೆ ಅವಳದು ನೂರ ಇಪ್ಪತ್ತು ಗ್ರಾಂ, ಅವನದು ಮುನ್ನೂರು. ಕೆಳಗೆ ಹೋದಂತೆ ಒಂದೂ ಕೂಡಲಿಲ್ಲ.

"ಬರ್ರಿ, ಇಲ್ಲಿ ನೋಡ್ರಿ" ಎಂದು ಗಂಡನನ್ನು ಕೂಗಿದಳು. "ನೂರಾ ಐವತ್ತಂತ! ಇಷ್ಟು ಹೊಡದ್ರ ಹುಳ ಏನು, ಹೊಡಿಯೋ ಮನಶ್ಯಾನೂ ಮಲಗ್ತಾನ. ಬೇಕಂತ ತಪ್ಪು ಬರದು ಹಂಚ್ಯಾನ, ಎಲ್ಲಾರೂ ಫೇಲಾಗ್ಲಿ ಅಂತ."

ಅಂಬಪ್ಪ ಕನ್ನಡಕ ಏರಿಸಿ ನೋಡಿದ. "ಎಲ್ಲಾ ತಪ್ಪಾ? ಒಂದೂ ಬರಾಬರಿ ಇಲ್ಲಾ?"

"ಒಂದೂ ಇಲ್ಲ."

"ಮೋಸ ಮಾಡಾವ ನಾಕು ಖರೆ ಇಟ್ಟು ಒಂದು ಸುಳ್ಳು ಇಡ್ತಾನಲೇ ಪಂಪಾ. ಎಲ್ಲಾನೂ ಸುಳ್ಳು ಬರಿಯೋ ಅಷ್ಟು ಹುಚ್ಚೇನವ? ಅವನ್ನ ಒಂದು ಮಾತು ಕೇಳು."

"ಕೇಳಿದ್ರ ಹೂಂ ನಾ ಮೋಸ ಮಾಡೀನಿ ಅಂತಾನೇನು? ನೀವು ಸುಮ್ಮ ಕುಂದರ್ರಿ."

ಅಂಬಪ್ಪನ ಮಾತಿನಲ್ಲಿ ತಿರುಳಿತ್ತು. ಆದರೆ ಅನುಮಾನ ಹತ್ತಿದ ಕಿವಿಗೆ ಅಂಥದ್ದು ಕೇಳಿಸುವುದಿಲ್ಲ. ಅವಳು ಹಾಜಿರಾಬೀಗೆ ಫೋನು ಹಚ್ಚಿದಳು. ಹಾಜಿರಾಬೀ ಆಗಲೇ ವೀರೇಶನ ಅಂಕಿಗಳನ್ನು ತನ್ನ ಹಾಳೆಗೆ ಇಳಿಸಿಕೊಂಡಿದ್ದಳು. "ಯಾ ಅಲ್ಲಾ! ಅಕ್ಕಾ, ನೀ ಹೇಳಲಿಲ್ಲಂದ್ರ ನಾ ಮುಳುಗಿದ್ದೆ" ಎಂದು ಪಂಪಾವತಿ ಹೇಳಿದ ಹತ್ತು ಹನ್ನೆರಡು ಅಂಕಿಗಳನ್ನು, ಹಳೆಯದರ ಮೇಲೆ ಗೀಟು ಎಳೆದು, ಪಕ್ಕದಲ್ಲಿ ಬರೆದುಕೊಂಡಳು. ಅವಳು ತರಗತಿಯ ಇನ್ನೊಬ್ಬ, ಗುರುಗುಂಟಾದ ಕರಿಬಸಯ್ಯನಿಗೆ ತಿಳಿಸಿದಳು, ಅವನೂ ಹಾಗೆಯೇ ಗೀಟು ಎಳೆದ. ಕೊನೆಯ ತರಗತಿಯ ದಿನ ವೀರೇಶನ ಬೆಂಚಿನಲ್ಲಿ ಯಾರೂ ಕೂರಲಿಲ್ಲ. ಅವನು ಮಂಡಕ್ಕಿ, ಮಿರ್ಚಿ ತಂದು ಎಲ್ಲರ ಮುಂದೆ ಹಿಡಿದ. ಒಬ್ಬರಿಗೆ ಹೊಟ್ಟೆ ಸರಿಯಿಲ್ಲ, ಒಬ್ಬರಿಗೆ ಸೋಮವಾರದ ಒಪ್ಪತ್ತು. ಅವತ್ತು ಭಾನುವಾರ ಎಂಬುದು ಹೇಳಿದ ಕರಿಬಸಯ್ಯನಿಗೇ ನೆನಪಿರಲಿಲ್ಲ. ವೀರೇಶ ಪೊಟ್ಟಣವನ್ನು ಹಾಗೆಯೇ ಸುತ್ತಿ ಚೀಲದಲ್ಲಿ ಇಟ್ಟುಕೊಂಡ. ಪಂಪಾವತಿ ಅವನ ಮುಖವನ್ನೇ ನೋಡುತ್ತಿದ್ದಳು. ಸಿಕ್ಕಿಬಿದ್ದವನ ಮುಖ ಅದು ಎಂದು ಅವಳಿಗೆ ಖಾತ್ರಿಯಾಯಿತು.

ಪರೀಕ್ಷೆಯ ದಿನ ಬೆಳಿಗ್ಗೆ ಸಿಂಧನೂರಿನಲ್ಲಿ ಲಿಂಗಸುಗೂರಿನ ಬಸ್ಸು ಹತ್ತಿದರು ಪಂಪಾವತಿ ಮತ್ತು ಹಾಜಿರಾಬೀ. ಹನ್ನೊಂದಕ್ಕೆ ಪರೀಕ್ಷೆ. ಕಿಟಕಿಯ ಹತ್ತಿರ ಸೀಟು ಸಿಕ್ಕಿತು. ಮಾಡಲು ಬೇರೆ ಕೆಲಸವಿಲ್ಲ. ಹಾಜಿರಾಬೀ ಎಂದಳು, "ಅಕ್ಕಾ, ನೀ ಹಾಳಿ ನೋಡಿ ಪುಟ ಹೇಳು. ನಾ ಪುಸ್ತಕ ತೆಗದು ಅದ ಐತಿಲ್ಲೋ ನೋಡ್ತೀನಿ. ಪುಟ ತಪ್ಪಿದ್ರ ಈಗ ತಿದ್ದಬಹುದು."

"ಭತ್ತ, ಸಾಲು ಎರಡು, ಎಲಿ ಸುರುಳಿ. ಪುಟ ತೊಂಬತ್ತಾರು."

ಹಾಜಿರಾಬೀ ಪುಟ ತೆರೆದು, ಬೆರಳಿಟ್ಟು, ಶಾಲೆಯ ಮಗುವಿನಂತೆ ಜೋರಾಗಿ ಓದಿದಳು. "ಹೂಂ, ಐತಿ. ಪ್ರತಿ ಹೆಕ್ಟೇರಿಗೆ ನೂರಾ ಐವತ್ತು ಮಿಲಿ."

"ಎಷ್ಟು?"

"ನೂರಾ ಐವತ್ತು."

"ಅದಕ್ಕಿಂತ ಮುಂಚೆ ಏನಂದಿ?"

"ಪ್ರತಿ ಹೆಕ್ಟೇರಿಗೆ."

ಪಂಪಾವತಿ ಪುಸ್ತಕವನ್ನು ತನ್ನ ಕಡೆಗೆ ಎಳೆದುಕೊಂಡಳು. ಅಂಗಡಿಗೆ ಬಂದ ಒಬ್ಬ ರೈತನಾದರೂ ನನ್ನದು ಎರಡು ಹೆಕ್ಟೇರು ಎಂದು ಹೇಳಿದ್ದುಂಟೇ? ಎಲ್ಲರದೂ ಎಕರೆ. ಅವಳ ನಾಲಿಗೆಯೂ ಎಕರೆಯದೇ. ಹೆಕ್ಟೇರು ಎಂದರೆ ಎರಡೂವರೆ ಎಕರೆ. ನೂರ ಐವತ್ತನ್ನು ಎರಡೂವರೆಯಿಂದ ಭಾಗಿಸಿದರೆ ಅರವತ್ತು. ಮುನ್ನೂರನ್ನು ಭಾಗಿಸಿದರೆ ನೂರ ಇಪ್ಪತ್ತು. ಅವಳು ಬಾಯಿಂದ ಬರೆದಳು, ಅವನು ಪುಸ್ತಕದಿಂದ ಬರೆದ. ಇಬ್ಬರೂ ಎಕರೆಯೋ ಹೆಕ್ಟೇರೋ ಎಂದು ಕಾಲಮ್ಮಿನ ತಲೆಗೆ ಬರೆಯಲಿಲ್ಲ. ಅವನದೂ ಸರಿ, ಅವಳದೂ ಸರಿ. ತಪ್ಪು ಅಂಕಿ ಇದ್ದದ್ದು ಈಗ ಹಾಜಿರಾಬೀಯ ಹಾಳೆಯಲ್ಲಿ, ಕರಿಬಸಯ್ಯನ ಹಾಳೆಯಲ್ಲಿ. ಒಂದು ಸಾಲು ಅವನದು, ಒಂದು ಸಾಲು ಇವಳದು, ಜೋಳದಲ್ಲಿ ಸಜ್ಜೆ ಕಲಸಿದಂತೆ. ಕಲಸಿದವಳು ಪಂಪಾವತಿ.

ಆದರೂ ಮನಸ್ಸು ಸುಲಭಕ್ಕೆ ಬಗ್ಗಲಿಲ್ಲ. ವೀರೇಶನ ಝೆರಾಕ್ಸ್ ಚೀಲದಲ್ಲಿಯೇ ಇತ್ತು. ಒಂದೊಂದು ಸಾಲನ್ನೂ ಪುಸ್ತಕಕ್ಕೆ ಹಿಡಿದು ನೋಡಿದಳು, ಎಲ್ಲಿಯಾದರೂ ಒಂದು ಮೋಸ ಸಿಗಲಿ ಎಂದು. ಪ್ರಮಾಣ ಎಲ್ಲವೂ ಸರಿ. ಆ ಎಲೆ ಸುರುಳಿಯ ಔಷಧಿ ಹೊಡೆದ ಮೇಲೆ ಕೊಯ್ಲಿಗೆ ಬಿಡಬೇಕಾದದ್ದು ನಲವತ್ತೇಳು ದಿನ, ಅವನು ಎಪ್ಪತ್ನಾಲ್ಕು ಎಂದು ಬರೆದಿದ್ದ. ಅಂಕಿ ಹಿಂದುಮುಂದಾಗಿತ್ತು, ಅಷ್ಟೇ. ಅದಕ್ಕೆ ಮೋಸ ಎಂದು ಹೆಸರಿಡಲು ಅವಳಿಗೂ ಬಾಯಿ ಬರಲಿಲ್ಲ.

"ಏನಾತು ಅಕ್ಕಾ? ಮಾರಿ ಯಾಕ ಇಷ್ಟ ಕರ್ರಗ ಮಾಡಿದಿ?"

ಪಂಪಾವತಿ ಹೇಳಿದಳು. ಹಾಜಿರಾಬೀ ಪುಸ್ತಕ ಮುಚ್ಚಿ ತನ್ನ ಹಾಳೆ ಹೊರಗೆ ತೆಗೆದಳು. ಆಮೇಲೆ, "ಅಲ್ಲ ಅಕ್ಕಾ, ನಾ ಮುಳುಗಿದ್ದೆ ಅಂದಿದ್ದೆ. ಖರೆ ಮುಳುಗಿದ್ದು ಆಮ್ಯಾಲಲ್ಲಾ?" ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ಹೊಸ ಹಾಳೆ ಬರೆಯಲು ಹೊತ್ತಿಲ್ಲ. ಪಂಪಾವತಿ ತನ್ನ ಹಾಳೆಯ ಮೇಲೆ, "ಪ್ರಮಾಣ" ಎಂಬುದರ ಪಕ್ಕ "ಎಕರೆಗೆ" ಎಂದು ಬರೆದಳು. ಕೆಳಗೆ, "ಹೆಕ್ಟೇರು ಕೇಳಿದರೆ ಎರಡೂವರೆಯಿಂದ ಗುಣಿಸು". ಒಂದು ಮಾತಿಗೆ ಇಡೀ ಹಾಳೆ ನೆಟ್ಟಗಾಯಿತು. ಹಾಜಿರಾಬೀಯ ಹಾಳೆಗೆ ಅದು ನಡೆಯುವುದಿಲ್ಲ, ಅಲ್ಲಿ ಎರಡೂ ಕಲೆತಿವೆ. ನೋಡುತ್ತ ನೋಡುತ್ತ ಪಂಪಾವತಿಗೆ ಹೊಳೆಯಿತು. ಗೀಟು ಎಳೆದು ಪಕ್ಕಕ್ಕೆ ಬರೆದದ್ದೆಲ್ಲ ತಾನು ಹೇಳಿದ್ದು, ಎಕರೆಯದು. ಗೀಟಿಲ್ಲದ್ದೆಲ್ಲ ವೀರೇಶನದು, ಹೆಕ್ಟೇರಿನದು.

"ಗೀಟಿದ್ದಲ್ಲಿ ಎ ಅಂತ ಬರಿ. ಇಲ್ಲದಲ್ಲಿ ಹೆ ಅಂತ ಬರಿ. ಒಂದೂ ಬಿಡಬ್ಯಾಡ."

ಬಸ್ಸು ಕುಲುಕುತ್ತಿತ್ತು, ಪೆನ್ನು ಹಾರುತ್ತಿತ್ತು. ಅಷ್ಟರಲ್ಲಿ ಮಸ್ಕಿ ಬಂತು. ವೀರೇಶ ಬಸ್ಸು ಹತ್ತಿದ. ಇವರನ್ನು ನೋಡಿಯೂ ನೋಡದವನಂತೆ ಮುಂದೆ ಹೋಗಿ ಕಂಬ ಹಿಡಿದು ನಿಂತ.

ಪಂಪಾವತಿ ಎದ್ದು ಹೋದಳು. "ತಮ್ಮಾ, ನಿನ್ನ ಹಾಳ್ಯಾಗ ಒಂದು ತಪ್ಪೈತಿ. ಭತ್ತ, ಎಲಿ ಸುರುಳಿ. ಎಪ್ಪತ್ನಾಕು ದಿನ ಅಲ್ಲ, ನಲವತ್ತೇಳು. ಪುಟ ತೊಂಬತ್ತಾರು ನೋಡಿಕೋ."

ವೀರೇಶ ಅವಳನ್ನೇ ನೋಡಿದ. ಪುಸ್ತಕ ತೆಗೆದು ಪುಟ ನೋಡಿದ. ಆಮೇಲೆ ತಿದ್ದಿಕೊಂಡ. ಹೇಳಿದ್ದನ್ನು ತಾನೇ ನೋಡದೆ ತಿದ್ದದ ಅವನ ಬುದ್ಧಿ ಅವಳಿಗೆ ಹಿಡಿಸಿತು.

"ಇನ್ನೊಂದು ಮಾತು. ನೀ ಬೇಕಂತ ತಪ್ಪು ಅಂಕಿ ಹಂಚೀ ಅಂತ ನಾನ ಎಲ್ಲಾರಿಗೂ ಹೇಳೀನಿ. ನಿಂದು ಹೆಕ್ಟೇರು, ನಂದು ಎಕರೆ. ಈಗ ಗೊತ್ತಾತು."

"ಹಂಗಾದ್ರ ಮಿರ್ಚಿ ಯಾರೂ ತಿನ್ನದಿದ್ದದ್ದು ನಿಮ್ಮಿಂದ" ಎಂದ ವೀರೇಶ. ಮುಖದಲ್ಲಿ ನಗು ಬಂದು ಹೋಯಿತು. "ನಿಮ್ಮ ಹಾಳ್ಯಾಗ ಅರವತ್ತು ಅಂತ ನಾನೂ ನೋಡಿದ್ದೆ ಅಕ್ಕಾರ. ನಾ ಬಗ್ಗಿ ನೋಡ್ತೀನಂತ ಸುಳ್ಳು ಬರದಾರ, ಇವರು ಭಾಳ ಶಾಣ್ಯಾರು ಅನ್ಕೊಂಡಿದ್ದೆ."

"ಮತ್ತ ನಿನ್ನ ಹಾಳಿ ಯಾಕ ಕೊಟ್ಟಿ?"

"ನಿಮ್ಮದು ನೋಡಾಕ ಸಿಗ್ತೈತೇನೋ ಅಂತ. ನಂದು ಹುಳದ ಹೆಸರಿನ ಕ್ರಮದಾಗ ಐತ್ರಿ. ಹೆಸರು ಗೊತ್ತಿದ್ರ ಸಿಗ್ತೈತಿ, ಬರೇ ಗುರುತು ಕೊಟ್ರ ಹುಡುಕಾಕ ಬರಂಗಿಲ್ಲ."

"ಮಳಿಗಿ?"

"ಯಾವ ಮಳಿಗಿ?"

"ಯಾವುದಂತ ಗೊತ್ತಿಲ್ಲೇನು?"

ವೀರೇಶ ಕಿಟಕಿಯ ಹೊರಗೆ ನೋಡಿದ. "ಖಾಲಿ ಆದ್ರ ಅಂದಿದ್ದೆ ಅಕ್ಕಾರ. ಖಾಲಿ ಮಾಡ್ರಿ ಅಂದಿಲ್ಲ." ಈ ಮಾತನ್ನು ಪಂಪಾವತಿ ಎರಡು ಸಲ ತಿರುವಿ ನೋಡಿದಳು. ಸೀಲು ಸರಿಯಾಗಿಯೇ ಇದ್ದಂತೆ ಕಂಡಿತು. ಆದರೂ ಪೂರ್ತಿ ನಂಬಲಿಲ್ಲ.

ಲಿಂಗಸುಗೂರಿನ ಶಾಲೆಯ ಗೇಟಿನಲ್ಲಿ ಕರಿಬಸಯ್ಯ ವಿಭೂತಿ ಹಚ್ಚಿಕೊಂಡು ಪ್ರಸನ್ನನಾಗಿ ನಿಂತಿದ್ದ. "ಸ್ವಾಮೇರ, ಹಾಳಿ ತಗೀರಿ" ಎಂದು ಮೂವರೂ ಮುತ್ತಿದರು. ಅವನು ಹಾಳೆಯನ್ನು ಎದೆಗೆ ಅವುಚಿಕೊಂಡ. "ಯಾಕ? ಮೊನ್ನಿ ಅವ ಕಳ್ಳ ಅಂದ್ರಿ, ಇವತ್ತು ಅವನ್ನ ಜೋಡಿ ಮಾಡಿಕೊಂಡು ಬಂದೀರಿ. ನಾ ಕೊಡಂಗಿಲ್ಲ." ಗಂಟೆ ಹೊಡೆಯಲು ಹದಿನೈದು ನಿಮಿಷ ಇತ್ತು. ಪಂಪಾವತಿ ಪುಸ್ತಕದ ಪುಟವನ್ನೇ ಅವನ ಕಣ್ಣ ಮುಂದೆ ಹಿಡಿದಳು. ಓದಿಕೊಂಡ ಮೇಲೆ ಕರಿಬಸಯ್ಯ ಗೋಡೆಗೆ ಹಾಳೆ ಒತ್ತಿ ಹಿಡಿದು ಎ, ಹೆ ಬರೆಯತೊಡಗಿದ. ಕೊನೆಯ ಮೂರು ಸಾಲು ಉಳಿದಾಗ ಗಂಟೆ ಹೊಡೆಯಿತು.

ಒಳಗೆ ಮೇಲ್ವಿಚಾರಕರು ಪ್ರತಿಯೊಬ್ಬರ ಹಾಳೆಯನ್ನು ಬೆಳಕಿಗೆ ಹಿಡಿದು, ಕೈಬರಹವೇ ಎಂದು ನೋಡಿ, ಸಹಿ ಹಾಕಿದರು. ಪಂಪಾವತಿಯ ಹಾಳೆಯ ಬಣ್ಣದ ತ್ರಿಕೋನ ನೋಡಿ, "ಏನಮ್ಮಾ ಇದು, ರಂಗೋಲಿ?" ಎಂದರು. ಅವಳು ಸಹಿಯಾದ ಹಾಳೆಯನ್ನು ಅವರ ಕೈಯಿಂದ ಎಳೆದುಕೊಂಡಳು. ಇವರು ತನ್ನನ್ನು ಮಾತಿಗೆಳೆದು ಹೊತ್ತು ಕಳೆಯುತ್ತಿದ್ದಾರೆ ಎಂದು ಅವಳ ಗುಮಾನಿ.

ಐದನೆಯ ಪ್ರಶ್ನೆಯೇ ಎಲೆ ಸುರುಳಿಯದು, ಎಷ್ಟು ದಿನ ಬಿಟ್ಟು ಕೊಯ್ಯಬೇಕು ಎಂದು. ಹನ್ನೆರಡನೆಯದರಲ್ಲಿ ಪ್ರಮಾಣ ಕೇಳಿದ್ದರು, ಹೆಕ್ಟೇರಿಗೆ. ಹದಿನೇಳರಲ್ಲಿ ಒಬ್ಬ ರೈತನ ಎರಡು ಎಕರೆ ಹೊಲಕ್ಕೆ. ಉತ್ತರದ ನಾಲ್ಕು ಆಯ್ಕೆಗಳಲ್ಲಿ ಎಕರೆಯ ಅಂಕಿಯೂ ಇತ್ತು, ಹೆಕ್ಟೇರಿನ ಅಂಕಿಯೂ ಇತ್ತು, ಬಾಯಿ ತೆರೆದು ಕಾಯುವ ಬೋನಿನಂತೆ. ಪಂಪಾವತಿ ಪ್ರತಿ ಸಲವೂ ಪ್ರಶ್ನೆಯಲ್ಲಿನ ಆ ಪದಕ್ಕೆ ಮೊದಲು ಗೀಟು ಎಳೆದು, ಆಮೇಲೆ ಹಾಳೆಯ ಮೇಲೆ ಬೆರಳಿಟ್ಟಳು. ಪುಸ್ತಕ ತೆರೆದದ್ದು ಎಂಟು ಸಲ ಮಾತ್ರ. ಕೊನೆಯ ಗಂಟೆಗೆ ನಲವತ್ತೆಂಟು ಮುಗಿದಿದ್ದವು.

ಮೂರು ವಾರಕ್ಕೆ ಫಲಿತಾಂಶ ಮೊಬೈಲಿಗೆ ಬಂತು. ಪಂಪಾವತಿಗೆ ನಲವತ್ತೊಂದು. ಹಾಜಿರಾಬೀಗೆ ಮೂವತ್ತಾರು. ಕರಿಬಸಯ್ಯನಿಗೆ ಸರಿಯಾಗಿ ಮೂವತ್ತು, ಕೂದಲೆಳೆಯಲ್ಲಿ ಪಾರು. ಅಂಬಪ್ಪ ಪರವಾನಗಿಯ ಅರ್ಜಿಯಲ್ಲಿ ಹೆಂಡತಿಯ ಹೆಸರನ್ನು ತಾನೇ ದಪ್ಪ ಅಕ್ಷರದಲ್ಲಿ ಬರೆದ. ಅಂಗಡಿಯ ಬಾಗಿಲು ಉಳಿಯಿತು.

ವೀರೇಶನಿಗೆ ನಲವತ್ಮೂರು. ಅದನ್ನು ಕೇಳಿದ ಪಂಪಾವತಿ ನಡೆಯುತ್ತಿದ್ದವಳು ನಿಂತಳು.

"ನನಗಿಂತ ಎರಡು ಜಾಸ್ತಿನಾ? ಅವೆರಡು ಎಲ್ಲಿಂದ ಬಂದುವು?"

"ಹೋಗ್ಲಿ ಬಿಡಲೇ, ನೀ ಪಾಸಾದ್ಯಲ್ಲ" ಎಂದ ಅಂಬಪ್ಪ.

ಅವಳು ಬಿಡಲಿಲ್ಲ. ಗಲ್ಲೆಯ ಮುಂದೆ ಕೂತು ನೆನಪಿದ್ದ ಪ್ರಶ್ನೆಗಳನ್ನೆಲ್ಲ ಒಂದೊಂದಾಗಿ ಬೆರಳಿನ ಮೇಲೆ ಮಡಚಿದಳು. ಐದನೆಯದಕ್ಕೆ ಬಂದಾಗ ಬೆರಳು ನಿಂತಿತು.

"ನಲವತ್ತೇಳು ದಿನ" ಎಂದಳು. "ಆ ಎರಡರಾಗ ಒಂದು ನಂದು."

ಇನ್ನೊಂದು ಯಾರದು ಎಂದು ಮತ್ತೆ ಬೆರಳು ಮಡಚಲು ಶುರುಮಾಡಿದಳು.